ಸಂಪಾದಕೀಯದಲ್ಲಿ ‘ಆದರೆ’ ಎಲ್ಲಿದೆ ನೋಡಿ

ಪ್ರಶ್ನೆ: ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪ ಪೇಪರ್ ಓದುತ್ತಿಲ್ಲ. ಸಂಪಾದಕೀಯದಲ್ಲಿ ಏನಿದೆ ಅಂತ ನನ್ನನ್ನೇ ಕೇಳ್ತಾರೆ. ಪೂರ್ತಿ ಓದಿದರೆ ಬೇಸರ, ಸಾರ ಹೇಳಿದರೆ ‘ಇದು ಪೇಪರಿನ ಮಾತೋ, ನಿನ್ನ ಮಾತೋ’ ಅಂತಾರೆ. ಹೇಗೆ ಹೇಳಲಿ?

ಉತ್ತರ: ಮೊದಲು ಕೊನೆಯ ಪ್ಯಾರಾ ಓದಿ. ಯಾರು ಏನು ಮಾಡಬೇಕು ಅಂತ ಪತ್ರಿಕೆ ಹೇಳೋದು ಸಾಮಾನ್ಯವಾಗಿ ಅಲ್ಲೇ. ‘ಮಾಡಬೇಕು’, ‘ಕೈಬಿಡಲಿ’, ‘ಸಲ್ಲದು’ ಅನ್ನೋ ಮಾತು ಸಿಕ್ಕಿದರೆ ವಾದ ಸಿಕ್ಕಿದ ಹಾಗೆ.

2025ರ ಜನವರಿ 5ರಿಂದ ನಮ್ಮ ಸರ್ಕಾರಿ ಬಸ್ಸಿನ ದರ ಶೇ 15ರಷ್ಟು ಏರಿತಲ್ಲ, ಅದನ್ನೇ ತಗೊಳ್ಳೋಣ. ಸಂಪಾದಕೀಯ ಹೀಗಿದೆ ಅಂದುಕೊಳ್ಳಿ (ಉದಾಹರಣೆಗೆ ಅಂತ ನಾನೇ ಬರೆದದ್ದು): ‘ಡೀಸೆಲ್, ಸಂಬಳದ ಖರ್ಚು ಹೆಚ್ಚಿದೆ ಎಂಬ ಸರ್ಕಾರದ ಮಾತು ಸುಳ್ಳಲ್ಲ. ಆದರೆ ಉಚಿತ ಪ್ರಯಾಣದ ಬಾಕಿಯನ್ನು ನಿಗಮಗಳಿಗೆ ಪೂರ್ತಿ ಕೊಡದೆ ಬಡವರ ಮೇಲೆ ಬರೆ ಎಳೆಯುವುದು ಸಲ್ಲದು. ಮೊದಲು ಬಾಕಿ ತೀರಿಸಲಿ, ಏರಿಕೆ ಕೈಬಿಡಲಿ.’

ಜಾಸ್ತಿ ಜನ ಎಡವುವುದು ಮೊದಲ ವಾಕ್ಯದಲ್ಲಿ. ‘ಖರ್ಚು ಹೆಚ್ಚಿದೆ, ಅದಕ್ಕೇ ದರ ಏರಿತು ಅಂತ ಪೇಪರ್ ಹೇಳಿದೆ’ ಅಂದುಬಿಡ್ತಾರೆ. ಅದು ಪತ್ರಿಕೆಯ ನಿಲುವಲ್ಲ, ಎದುರಿನವರಿಗೆ ಒಪ್ಪಿ ಬಿಟ್ಟುಕೊಟ್ಟ ಮಾತು. ನಿಲುವು ಶುರುವಾಗುವುದು ‘ಆದರೆ’ ಆದ ಮೇಲೆ. ‘ನಿಜ’, ‘ಸುಳ್ಳಲ್ಲ’, ‘ತಳ್ಳಿಹಾಕಲಾಗದು’ ಅಂತ ಬಂದ ಕಡೆ ಪೆನ್ಸಿಲ್ ಗುರುತು ಹಾಕಿ, ಮುಂದಿನ ‘ಆದರೆ’ ಹುಡುಕಿ.

ಆಮೇಲೆ ಆಧಾರ. ಬಾಕಿ ಇದೆ ಅಂದರು, ಸರಿ. ಎಷ್ಟು ಅಂತ ಹೇಳಿದರಾ? ಯಾರ ಲೆಕ್ಕ ಅದು? ಇಲ್ಲಿ ಎರಡೂ ಇಲ್ಲ. ಹಾಗಿದ್ದರೆ ‘ಬಾಕಿ ಇದೆ ಅಂತ ಬರೆದಿದ್ದಾರೆ, ಮೊತ್ತ ಕೊಟ್ಟಿಲ್ಲ’ ಅಂತಲೇ ಹೇಳಿ. ಬೇರೆ ಕಡೆ ಓದಿದ ಅಂಕಿಯನ್ನು ನೀವು ತುಂಬಿಸಬೇಡಿ. ಅಪ್ಪನಿಗೆ ಅನುಮಾನ ಬರುವುದು ಅಂಥ ಕಡೆಯೇ.

ಒಲವು ತಿಳಿಯೋದು ಪದಗಳಿಂದ. ಒಂದೇ ಸಂಗತಿಯನ್ನು ಸರ್ಕಾರ ‘ದರ ಪರಿಷ್ಕರಣೆ’ ಅನ್ನುತ್ತದೆ, ಸುದ್ದಿ ಪುಟ ‘ದರ ಏರಿಕೆ’ ಅನ್ನುತ್ತದೆ, ಈ ಸಂಪಾದಕೀಯ ‘ಬರೆ’ ಅಂದಿದೆ. ಹೇಳದೆ ಬಿಟ್ಟದ್ದರಲ್ಲೂ ಒಲವಿರುತ್ತದೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅಂದ ಮೇಲೆ ಆ ಬಸ್ಸುಗಳಲ್ಲಿ ಏರಿಕೆಯ ಬಿಸಿ ತಟ್ಟುವುದು ಮುಖ್ಯವಾಗಿ ಗಂಡಸರಿಗೆ. ‘ಬಡವರ ಮೇಲೆ’ ಅಂದಾಗ ಈ ವ್ಯತ್ಯಾಸ ಮುಚ್ಚಿಹೋಯಿತು, ಅಲ್ವಾ? ಆದರೆ ಇದು ನೀವು ಗಮನಿಸಿದ್ದು, ಪತ್ರಿಕೆ ಹೇಳಿದ್ದಲ್ಲ. ಅದಕ್ಕೇ ಸ್ವಲ್ಪ ನಿಲ್ಲಿಸಿ, ಬೇರೆಯಾಗಿ ಹೇಳಿ.

ಬಾಯಲ್ಲಿ ಹೇಳುವಾಗ ಹೀಗಿರಲಿ: ‘ಅಪ್ಪಾ, ಬಸ್ ದರ ಏರಿಸಿದ್ದು ತಪ್ಪು, ಸರ್ಕಾರ ಮೊದಲು ನಿಗಮಗಳ ಬಾಕಿ ಕೊಡಲಿ ಅಂತ ಬರೆದಿದ್ದಾರೆ. ಖರ್ಚು ಹೆಚ್ಚಿರೋದನ್ನ ಒಪ್ಪಿದ್ದಾರೆ. ಬಾಕಿ ಎಷ್ಟು ಅಂತ ಹೇಳಿಲ್ಲ. ಬರೆ ಅನ್ನೋ ಪದ ಬಳಸಿದ್ದಾರೆ, ಸರ್ಕಾರದ ಮೇಲೆ ಸಿಟ್ಟಿದೆ. ಇನ್ನು ನನ್ನ ಮಾತು: ಬಡವರ ಮೇಲೆ ಬರೆ ಅನ್ನುವಾಗ, ಹೆಂಗಸರಿಗೆ ಟಿಕೆಟ್ ಇಲ್ಲ ಅನ್ನೋದನ್ನ ಅವರು ಲೆಕ್ಕಕ್ಕೆ ತಗೊಂಡಿಲ್ಲ.’