ಬಾರ್ ಚಾರ್ಟ್ ಫೋಟೋದಿಂದ ತಿಂಗಳುವಾರು ಟೇಬಲ್: ಮೊದಲು ಬಾಣ ಓದಿ, ತಿಂಗಳು ಆಮೇಲೆ

ಪ್ರಶ್ನೆ: ಸೈಟ್ ಆಫೀಸ್ ಗೋಡೆಗೆ ಅಂಟಿಸಿರೋ ಶೆಡ್ಯೂಲ್ ಚಾರ್ಟ್‌ನ ಫೋಟೋ ಮಾತ್ರ ನನ್ನ ಹತ್ತಿರ ಇದೆ. ಅದನ್ನ ಎಕ್ಸೆಲ್‌ನಲ್ಲಿ ತಿಂಗಳುವಾರು ಟೇಬಲ್ ಮಾಡಬೇಕು. ಯಾವ ಕೆಲಸ ಯಾವುದಕ್ಕೆ ಕಾಯುತ್ತೆ ಅನ್ನೋದೂ ಕಾಣಬೇಕು. ಬಾಣಗಳನ್ನ ತಿಂಗಳ ಕಾಲಂಗಳಲ್ಲಿ ಹೇಗೆ ತೋರಿಸೋದು?

ಉತ್ತರ:

ತೋರಿಸಬೇಡಿ. ನಾನು ಅದನ್ನೇ ಮಾಡಿದ್ದೆ, ಮಳೆಗಾಲದಲ್ಲಿ ಹೊರಗೋಡೆ ಪ್ಲಾಸ್ಟರ್ ಮಾಡಿಸಬೇಕಾಗಿ ಬಂತು.

ಶಿವಮೊಗ್ಗ ಜಿಲ್ಲೆಯ ಒಂದು ಹಾಸ್ಟೆಲ್ ಕಟ್ಟಡ. ಶೆಡ್ಯೂಲ್ ಮಾಡಿದವರು ಕೆಲಸ ಬಿಟ್ಟು ಹೋಗಿದ್ದರು. ಫೈಲ್ ಯಾರ ಹತ್ತಿರವೂ ಇರಲಿಲ್ಲ. ಇದ್ದದ್ದು ಗೋಡೆ ಮೇಲಿನ ಪ್ರಿಂಟ್ ಮಾತ್ರ. ಫೋಟೋ ತೆಗೆದು, ಎಡಕ್ಕೆ ಕೆಲಸಗಳು, ಮೇಲೆ ತಿಂಗಳುಗಳು, ಬಾರ್ ಇದ್ದ ಕಡೆ ಬಣ್ಣ ಅಂತ ಒಂದು ಟೇಬಲ್ ಮಾಡಿದೆ. ಬಾಣ ಇದ್ದ ಕಡೆ ‘ಇದಾದ ಮೇಲೆ ಅದು’ ಅಂತ ಬರೆದೆ. ನೋಡಲು ಚೆನ್ನಾಗಿಯೇ ಇತ್ತು. ಆಫೀಸಿನಲ್ಲೂ ಎಲ್ಲರೂ ಒಪ್ಪಿದರು.

ಎಡವಿದ್ದು ಒಂದೇ ಒಂದು ಬಾಣದಲ್ಲಿ. ಬ್ಲಾಕ್ ಗೋಡೆಯ ಬಾರ್ ಮಾರ್ಚ್ 7ರಿಂದ ಏಪ್ರಿಲ್ 15ರವರೆಗೆ ಇತ್ತು. ಅದರ ಕೆಳಗಿನ ಸಾಲಿನಲ್ಲಿ ಗೋಡೆ ಕೊರೆದು ಕರೆಂಟ್ ಪೈಪ್ ಕೂರಿಸುವ ಕೆಲಸ, ಮಾರ್ಚ್ 22ರಿಂದ ಏಪ್ರಿಲ್ 20. ಮೇಲಿನಿಂದ ಕೆಳಕ್ಕೆ ಬಾಣ ಇತ್ತು. ಬಾಣ ಇದೆ ಅಂದರೆ ಗೋಡೆ ಮುಗಿದ ಮೇಲೆ ಪೈಪ್ ಅಂತ ತಿಳಿದುಕೊಂಡೆ. ಆದರೆ ಆ ಬಾಣ ಹೊರಟಿದ್ದು ಗೋಡೆಯ ಬಾರ್‌ನ ಎಡತುದಿಯಿಂದ, ಹೋಗಿ ಸೇರಿದ್ದು ಪೈಪ್‌ನ ಎಡತುದಿಗೆ. ಅಂದರೆ ಗೋಡೆ ಶುರುವಾಗಿ 15 ದಿನಕ್ಕೆ ಪೈಪ್ ಶುರು. ಶೆಡ್ಯೂಲ್ ಭಾಷೆಯಲ್ಲಿ `SS+15`. ನಾನು ಬರೆದದ್ದು `FS`, ಅಂದರೆ ಮುಗಿದ ಮೇಲೆ ಶುರು.

ಇದು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆ ಗೊತ್ತಾ? ತಿಂಗಳ ಟೇಬಲ್‌ನಲ್ಲಿ ಎರಡೂ ಕೆಲಸಕ್ಕೆ ಮಾರ್ಚ್, ಏಪ್ರಿಲ್ ಎರಡೂ ಮನೆ ತುಂಬಿದ್ದವು. ಗೋಡೆ ಏಪ್ರಿಲ್ 15ಕ್ಕೆ ಮುಗಿಯುತ್ತೆ, ಪೈಪ್ ಮಾರ್ಚ್ 22ಕ್ಕೇ ಶುರು ಅನ್ನುವುದು ಟೇಬಲ್‌ನಲ್ಲಿ ಎಲ್ಲೂ ಇರಲಿಲ್ಲ. ತಾರೀಖು ಇದ್ದಿದ್ದರೆ, ಮುಗಿದ ಮೇಲೆ ಶುರುವಾಗಬೇಕಾದ ಕೆಲಸ ಮುಗಿಯುವ ಮೊದಲೇ ಹೇಗೆ ಶುರುವಾಯಿತು ಅಂತ ಯಾರಾದರೂ ಕೇಳುತ್ತಿದ್ದರು.

ಬ್ಲಾಕ್ ಲೋಡ್ ಬರುವುದು 10 ದಿನ ತಡವಾಯಿತು. ಗೋಡೆ ಮಾರ್ಚ್ 17ಕ್ಕೆ ಶುರು, ಏಪ್ರಿಲ್ 25ಕ್ಕೆ ಮುಕ್ತಾಯ. ನನ್ನ ಟೇಬಲ್ ಪ್ರಕಾರ ಪೈಪ್ ಏಪ್ರಿಲ್ 26ರಿಂದ ಮೇ 25, ಪ್ಲಾಸ್ಟರ್ ಮೇ 26ಕ್ಕೆ. ಗಾರೆ ಮೇಸ್ತ್ರಿಗೆ ಆ ತಾರೀಖೇ ಹೇಳಿದೆ. ಅವರು ಬೇರೆ ಕೆಲಸ ಹಿಡಿದರು. ಇತ್ತ ಎಲೆಕ್ಟ್ರಿಷಿಯನ್ ಚಾರ್ಟ್‌ನಲ್ಲಿ ಇದ್ದ ಹಾಗೆ ಗೋಡೆಯ ಹಿಂದೆಯೇ ಪೈಪ್ ಹಾಕುತ್ತಾ ಬಂದು ಏಪ್ರಿಲ್ ಕೊನೆಗೆ ಮುಗಿಸಿದರು. ಮೇ 1ಕ್ಕೆ ಗೋಡೆ ರೆಡಿ, ಮೇಸ್ತ್ರಿ ಇಲ್ಲ. ಪ್ಲಾಸ್ಟರ್‌ಗೆ 35 ದಿನ ಬೇಕು. ಮೇ 1ಕ್ಕೆ ಹಿಡಿದಿದ್ದರೆ ಜೂನ್ 4ಕ್ಕೆ ಮುಗಿಯುತ್ತಿತ್ತು. ನಮಗದು ಜೂನ್ ಕೊನೆಗೆ ಹೋಯಿತು. ಮಲೆನಾಡಿನಲ್ಲಿ ಜೂನ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹಸಿ ಪ್ಲಾಸ್ಟರ್ ತೊಳೆದುಹೋದ ಕಡೆ ಕೆತ್ತಿ ಮತ್ತೆ ಬಳಿಸಿದೆವು.

ಅದಕ್ಕೇ ಹೇಳುತ್ತಿರುವುದು, ಫೋಟೋದಿಂದ ನೇರ ತಿಂಗಳ ಕಾಲಂಗೆ ಹೋಗಬೇಡಿ. ಮೊದಲು ಪ್ರತಿ ಸಾಲಿಗೆ ಶುರು, ಮುಗಿಯುವ ತಾರೀಖು ಬರೆಯಿರಿ, ಹಿಂದಿನ ಕೆಲಸವನ್ನು ಅದರ ಸಾಲಿನ ನಂಬರ್ ಹಾಕಿ ಬರೆಯಿರಿ. ತಿಂಗಳ ಮನೆಗಳನ್ನು ಎಕ್ಸೆಲ್ ತುಂಬಲಿ. ನನ್ನ ನಾಲ್ಕು ಸಾಲು ಸರಿಯಾಗಿ ಬರೆದರೆ ಹೀಗೆ:

| ನಂ. | ಕೆಲಸ | ಶುರು | ಮುಕ್ತಾಯ | ಹಿಂದಿನ ಕೆಲಸ | ಫೆಬ್ರವರಿ | ಮಾರ್ಚ್ | ಏಪ್ರಿಲ್ | ಮೇ |
|---|---|---|---|---|---|---|---|---|
| 1 | ನೆಲಮಹಡಿ ಸ್ಲ್ಯಾಬ್ | ಫೆ. 3 | ಫೆ. 20 | | ■ | | | |
| 2 | ಬ್ಲಾಕ್ ಗೋಡೆ | ಮಾ. 7 | ಏ. 15 | `1FS+14` | | ■ | ■ | |
| 3 | ಕರೆಂಟ್ ಪೈಪ್ | ಮಾ. 22 | ಏ. 20 | `2SS+15` | | ■ | ■ | |
| 4 | ಪ್ಲಾಸ್ಟರ್ | ಏ. 21 | ಮೇ 25 | `3FS` | | | ■ | ■ |

ಮೇಲಿನ ಸಾಲಿನಲ್ಲಿ ಪ್ರತಿ ತಿಂಗಳ 1ನೇ ತಾರೀಖು ಹಾಕಿ. C ಕಾಲಂ ಶುರು, D ಮುಕ್ತಾಯ. F2ನಲ್ಲಿ ಈ ಸೂತ್ರ ಹಾಕಿ ಬಲಕ್ಕೂ ಕೆಳಕ್ಕೂ ಎಳೆಯಿರಿ:

```
=IF(AND($C2<=EOMONTH(F$1,0),$D2>=F$1),"■","")
```

ಎರಡನೇ ಸಾಲಿನ `+14` ನೋಡಿ. ಚಾರ್ಟ್‌ನಲ್ಲಿ ಅದು ಬರೀ ಖಾಲಿ ಜಾಗವಾಗಿ ಕಾಣುತ್ತದೆ. ಬಾಣದ ಮೇಲೆ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಸೆಂಟ್ರಿಂಗ್ ಬಿಚ್ಚುವವರೆಗೆ ಕಾಯುವ ಸಮಯ. ಕಾಂಕ್ರೀಟ್ ಕೆಲಸದ ಕೋಡ್ IS 456 ಪ್ರಕಾರ 4.5 ಮೀಟರ್‌ಗಿಂತ ಜಾಸ್ತಿ ಸ್ಪ್ಯಾನ್‌ನ ಸ್ಲ್ಯಾಬ್‌ಗೆ ಕೆಳಗಿನ ಆಸರೆ 14 ದಿನವಾದರೂ ಇರಬೇಕು. ಖಾಲಿ ಜಾಗ ಅಂತ ಅದನ್ನು ಬಿಟ್ಟರೆ, ಮುಂದೆ ಶೆಡ್ಯೂಲ್ ತಿದ್ದುವಾಗ ಗೋಡೆ ಸ್ಲ್ಯಾಬ್‌ನ ಮರುದಿನಕ್ಕೇ ಬಂದು ಕೂರುತ್ತದೆ. ಜಾಕ್‌ಗಳು ಇನ್ನೂ ನಿಂತಿರುತ್ತವೆ.

ಇನ್ನು ತಾಳೆ ನೋಡುವುದು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇದೇ. ಪ್ರತಿ ಸಾಲಿನ ಶುರುವಿನ ತಾರೀಖನ್ನು ಫೋಟೋ ಮರೆತು ಲೆಕ್ಕ ಹಾಕಿ. `FS` ಆದರೆ ಹಿಂದಿನದರ ಮುಕ್ತಾಯ + ಕಾಯುವ ದಿನ + 1. `SS` ಆದರೆ ಹಿಂದಿನದರ ಶುರು + ಕಾಯುವ ದಿನ. ಬಂದದ್ದನ್ನು ಬಾರ್ ಜೊತೆ ಹೋಲಿಸಿ. ಲೆಕ್ಕದ ತಾರೀಖು ಬಾರ್‌ಗಿಂತ ಮುಂದಕ್ಕೆ ಹೋದರೆ, ಬಾಣದ ತುದಿಯನ್ನು ತಪ್ಪಾಗಿ ಓದಿದ್ದೀರಿ. ನನ್ನ `FS` ಪ್ರಕಾರ ಪೈಪ್ ಏಪ್ರಿಲ್ 16ಕ್ಕೆ ಬರುತ್ತಿತ್ತು, ಬಾರ್ ಇದ್ದದ್ದು ಮಾರ್ಚ್ 22ರಲ್ಲಿ. ಅಲ್ಲೇ ಸಿಕ್ಕಿಬೀಳುತ್ತಿತ್ತು. ಲೆಕ್ಕ ಬಾರ್‌ಗಿಂತ ಹಿಂದೆ ಬಂದರೆ, ಕಾಯುವ ದಿನ ಅಥವಾ ಇನ್ನೊಂದು ಬಾಣ ಬಿಟ್ಟುಹೋಗಿದೆ, ಇಲ್ಲವೇ ಚಾರ್ಟ್ ಮಾಡಿದವರು ತಾರೀಖನ್ನು ಕೈಯಲ್ಲೇ ಕಟ್ಟಿಹಾಕಿದ್ದಾರೆ. ಎಲ್ಲ ಸಾಲಲ್ಲೂ ಒಂದೆರಡು ದಿನ ಹೆಚ್ಚುಕಮ್ಮಿ ಬಂದರೆ ಅದು ವಾರದ ರಜೆಯ ಲೆಕ್ಕ, ಬಾಣದ್ದಲ್ಲ.

ಒಂದು ಬಾರ್‌ಗೆ ಎರಡು ಬಾಣ ಬಂದರೆ ಎರಡನ್ನೂ ಬರೆಯಿರಿ. ಯಾವುದರ ಲೆಕ್ಕ ಕೊನೆಯ ತಾರೀಖು ಕೊಡುತ್ತದೋ ಅದೇ ಕೆಲಸವನ್ನು ತಡೆದು ನಿಲ್ಲಿಸಿರುವುದು. ಇನ್ನೊಂದು ಸದ್ಯಕ್ಕೆ ಸುಮ್ನೆ ಇರುತ್ತದೆ, ನಾಳೆ ಅದು ತಡವಾದರೆ ಅದೇ ತಡೆಯುತ್ತದೆ. ಹಾಗೆಯೇ ಎರಡು ಬಾರ್ ಒಂದರ ಹಿಂದೆ ಒಂದು ಸರಿಯಾಗಿ ಕೂತಿವೆ ಅಂತ ಬಾಣವಿಲ್ಲದ ಕಡೆ ಸಂಬಂಧ ಕಟ್ಟಬೇಡಿ. ಒಂದೇ ಗ್ಯಾಂಗ್ ಎರಡೂ ಕಡೆ ಮಾಡಲಿ ಅಂತಲೂ ಹಾಗೆ ಜೋಡಿಸಿರುತ್ತಾರೆ.

ಫೋಟೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದುರಿಗೆ ನೇರ ನಿಂತು ತೆಗೆಯಿರಿ. ಫೋನಿನ ಸ್ಕ್ಯಾನ್ ಆಪ್‌ನಲ್ಲಿ ನಾಲ್ಕು ಮೂಲೆ ಎಳೆದು ಚೌಕ ಮಾಡಿ. ಆಮೇಲೆ ಮೊದಲ ಜನವರಿ, ಕೊನೆಯ ಡಿಸೆಂಬರ್ ಕಾಲಂಗಳ ಅಗಲ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಓರೆ ಇನ್ನೂ ಹೋಗಿಲ್ಲ, ದೂರದ ತುದಿಯ ತಾರೀಖುಗಳು ತಪ್ಪು ಬರುತ್ತವೆ. ಅಕ್ಷರ ಓದುವ ಆಪ್‌ಗಳು ಕೆಲಸಗಳ ಹೆಸರು ಕೊಡುತ್ತವೆ, ಅಷ್ಟಕ್ಕೆ ಬಳಸಿ. ಬಾಣಗಳಿಗೆ ಮಾತ್ರ ಪ್ರತಿ ಹತ್ತು ಸಾಲಿಗೆ ಒಂದರಂತೆ ಹತ್ತಿರದ ಫೋಟೋ ಬೇರೆ ತೆಗೆದುಕೊಳ್ಳಿ. ಬಾಣ ಎಡತುದಿಯಿಂದ ಹೊರಟಿದೆಯೋ ಬಲತುದಿಯಿಂದಲೋ ಅನ್ನುವುದು ಇಡೀ ಚಾರ್ಟ್‌ನ ಫೋಟೋದಲ್ಲಿ ಕಾಣುವುದಿಲ್ಲ.

ಚಾರ್ಟ್ ಮಾಡಿದವರು ಫೋನಿಗೆ ಸಿಕ್ಕರೆ ಫೈಲ್ ಕೇಳಿ. ಫೈಲ್ ಇಲ್ಲ ಅಂದರೆ, ತಾಳೆ ಬೀಳದ ಸಾಲುಗಳ ನಂಬರ್ ಮಾತ್ರ ಕಳಿಸಿ, ಆ ಸಾಲುಗಳ ‘Predecessors’ ಕಾಲಂನಲ್ಲಿ ಏನಿತ್ತು ಅಂತ ಕೇಳಿ. ಇಡೀ ಚಾರ್ಟ್ ವಿವರಿಸಿ ಅಂದರೆ ಯಾರೂ ಉತ್ತರ ಕೊಡುವುದಿಲ್ಲ, ನಾಲ್ಕೈದು ಸಾಲಿಗೆ ಕೊಡುತ್ತಾರೆ.