ಐದು ಜನ, ನಾಲ್ಕು ಗೌನ್, ಒಂದು ಕ್ಯಾಪ್ಷನ್

ಸುಮಾ (ಹೆಸರು ಬದಲಿಸಿದ್ದೇನೆ) ಇಂಜಿನಿಯರಿಂಗ್ ಮುಗಿಸಿದ ಹುಡುಗಿ. ಗ್ರಾಜುಯೇಷನ್ ದಿನದ ಫೋಟೊ ಇನ್‌ಸ್ಟಾಗ್ರಾಮ್‌ಗೆ ಹಾಕಲು ಮೂರು ದಿನದಿಂದ ಒದ್ದಾಡಿ ನನ್ನ ಹತ್ತಿರ ಬಂದಿದ್ದಳು. ಫೋಟೊದಲ್ಲಿ ಹಾಸ್ಟೆಲ್ ರೂಮಿನ ಐವರೂ ಇದ್ದಾರೆ. ನಾಲ್ವರು ಗೌನಿನಲ್ಲಿ, ರೇಖಾ ಮಾತ್ರ (ಇದೂ ಬದಲಿಸಿದ ಹೆಸರೇ) ಸೀರೆಯಲ್ಲಿ. ಒಂದು ಪೇಪರ್ ಬ್ಯಾಕ್ ಉಳಿದಿತ್ತು.

ಸುಮಾ ಎರಡು ಕ್ಯಾಪ್ಷನ್ ಬರೆದಿದ್ದಳು. ತಮಾಷೆಯದ್ದು: "ಐದು ಜನ, ನಾಲ್ಕು ಡಿಗ್ರಿ, ಒಂದು ಬ್ಯಾಕ್!" ಇನ್ನೊಂದು ಇಪ್ಪತ್ತು ಸಾಲಿನದು, "ನೀವಿಲ್ಲದೆ ನಾನಿಲ್ಲ" ಅಂತ ಶುರುವಾಗುತ್ತಿತ್ತು.

"ರೇಖಾನೇ ರೂಮಲ್ಲಿ ದಿನಾ ಹೀಗೆ ಜೋಕ್ ಮಾಡ್ತಾಳೆ ಮೇಡಂ. ನಾನು ಬರೆದ್ರೆ ತಪ್ಪಾ? ಇನ್ನೊಂದು ಹಾಕಿದ್ರೆ ಎಲ್ರೂ ಸೆಂಟಿ ಅಂತಾರೆ."

ರೂಮಿನಲ್ಲಿ ಆ ಜೋಕ್ ರೇಖಾಳ ಕೈಯಲ್ಲಿತ್ತು. ಬೇಕಾದಾಗ ಹೇಳುತ್ತಿದ್ದಳು, ಬೇಡವಾದಾಗ ನಿಲ್ಲಿಸುತ್ತಿದ್ದಳು. ಪೋಸ್ಟ್ ಆದ ಮೇಲೆ ಅದನ್ನು ಅವಳ ಚಿಕ್ಕಮ್ಮ ಓದುತ್ತಾರೆ, ಜೂನಿಯರ್‌ಗಳೂ ಓದುತ್ತಾರೆ. ಆಮೇಲೆ ಕ್ಯಾಪ್ಷನ್ ಬದಲಿಸಬಹುದು ನಿಜ, ಆದರೆ ಓದಿದವರ ತಲೆಯಿಂದ ತೆಗೆಯೋಕಾಗಲ್ಲ. ಸೀರೆ ಯಾಕೆ ಅಂತ ಕೇಳದವರಿಗೂ ಉತ್ತರ ಕೊಟ್ಟಂತಾಗುತ್ತದೆ. ಇದನ್ನು ಸುಮಾಗೆ ನೇರವಾಗಿಯೇ ಹೇಳಿದೆ.

ಉದ್ದದ್ದನ್ನು ಅವಳೇ ಜೋರಾಗಿ ಓದಿದಳು. ಅದರಲ್ಲಿ ಒಬ್ಬರ ಹೆಸರೂ ಇರಲಿಲ್ಲ, ಒಂದು ಘಟನೆಯೂ ಇರಲಿಲ್ಲ. ಯಾರ ಫೋಟೊ ಕೆಳಗೆ ಹಾಕಿದರೂ ಸರಿಹೋಗುತ್ತಿತ್ತು. ಸೆಂಟಿ ಅನ್ನಿಸುವುದು ಪ್ರೀತಿ ಜಾಸ್ತಿಯಾದಾಗಲ್ಲ, ಬರಹ ಹೀಗೆ ಯಾರದ್ದೂ ಆಗದಿದ್ದಾಗ. ಮೇಲಾಗಿ ಫೀಡ್‌ನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣುತ್ತದೆ.

"ರೇಖಾ ಒಬ್ಬಳೇ ಎದುರಿಗಿದ್ದರೆ ಏನು ಹೇಳ್ತೀಯಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅತ್ತಳು. ಮೂರನೇ ಸೆಮಿಸ್ಟರ್‌ನಲ್ಲಿ ರೇಖಾ ರಾತ್ರಿ ಎರಡು ಗಂಟೆವರೆಗೆ ಕೂತು ಇವಳಿಗೆ ಮ್ಯಾಥ್ಸ್ ಹೇಳಿಕೊಟ್ಟಿದ್ದಳಂತೆ. ಇವಳು ಪಾಸಾದಳು. ಆ ಸಲ ರೇಖಾಳ ಬೇರೊಂದು ಪೇಪರ್ ಹೋಯಿತು. ಇವತ್ತಿಗೂ ಉಳಿದಿರುವುದು ಅದೇ ಪೇಪರ್.

ಮೂರು ದಿನದ ಒದ್ದಾಟ ಕ್ಯಾಪ್ಷನ್‌ದಲ್ಲ ಅಂತ ಆಗ ಇಬ್ಬರಿಗೂ ಗೊತ್ತಾಯಿತು. ಈ ಮಾತು ಫೋಟೊ ಕೆಳಗಿನ ಜಾಗಕ್ಕೆ ಸೇರಿದ್ದಲ್ಲ. ಊರವರೆಲ್ಲರ ಮುಂದೆ ಥ್ಯಾಂಕ್ಸ್ ಹೇಳಿದರೆ ರೇಖಾ ನಗಲೇಬೇಕಾಗುತ್ತದೆ, ಬೇಜಾರು ಹೇಳಿಕೊಳ್ಳೋಕಾಗಲ್ಲ. ಹಾಗಾಗಿ, "ಇದನ್ನು ಅವಳಿಗೇ ಹೇಳು, ಫೋನ್ ಮಾಡು. ಅದಾದ ಮೇಲೆ ಫೋಟೊ ಹಾಕು" ಅಂದೆ.

ಕ್ಯಾಪ್ಷನ್‌ಗೆ ಒಂದೇ ಮಾತು ಹೇಳಿದೆ: ಐವರಿಗೂ ಸಮನಾಗಿ ಸೇರಿದ ಒಂದು ವಸ್ತು ಹುಡುಕು. ತಕ್ಷಣ ನಕ್ಕಳು. "ಬಕೆಟ್ ಮೇಡಂ! ರೂಮಿಗೆಲ್ಲ ಒಂದೇ ಇತ್ತು." ಅಲ್ಲೇ ಬರೆದಳು: "ಒಂದೇ ಬಕೆಟ್, ನಾಲ್ಕು ವರ್ಷ, ಐದು ಜನ." ತಮಾಷೆಯೂ ಹೌದು, ಮನಸ್ಸಿನದೂ ಹೌದು. ಗೌನಿನ ಲೆಕ್ಕ ಅದರಲ್ಲಿಲ್ಲ. ಹಾಕುವ ಮೊದಲು ರೇಖಾಗೆ ಕಳಿಸಿ ಕೇಳು ಅಂದಿದ್ದೆ.

ಮುಂದಿನ ವಾರ ಬಂದಾಗ ಮೊಬೈಲ್ ತೋರಿಸಿದಳು. ಅವರಿಬ್ಬರೂ ಒಂದು ಗಂಟೆ ಮಾತಾಡಿದ್ದರು. ಕಳಿಸಿದ ಕ್ಯಾಪ್ಷನ್ ಕೆಳಗೆ ರೇಖಾಳ ಮೆಸೇಜ್ ಇತ್ತು: "ಬಕೆಟ್ ನಂದು ಕಣೇ, ಅದನ್ನೂ ಬರಿ."