ಕಲಬೆರಕೆ ದೂರಿಗೆ ಬಿಲ್ ಒಂದೇ ಸಾಕಾ?

ಶಿರಸಿಯಲ್ಲಿ ನಮ್ಮ ಬೀದಿಯ ಅಂಗಡಿಯಿಂದ ತಂದ ಕಾಳುಮೆಣಸಿನ ಪ್ಯಾಕೆಟ್‌ನಲ್ಲಿ ಪಪ್ಪಾಯಿ ಬೀಜ ಇದ್ದಂತಿದೆ. ಬಿಲ್ ಇದೆ. ಆಹಾರ ಸುರಕ್ಷತಾ ಅಧಿಕಾರಿಗೆ ಏನಂತ ಬರೆಯಲಿ?

ಬಿಲ್ ಜೊತೆಗೆ ಪ್ಯಾಕೆಟ್ ಮೇಲಿನ ಬ್ಯಾಚ್ ನಂಬರನ್ನೂ ಬರೆಯಿರಿ, ಅದೇ ಮುಖ್ಯ. ಒಡೆದ ಪ್ಯಾಕೆಟ್‌ಗೆ ನೀವೇ ಏನೋ ಸೇರಿಸಿದ್ದೀರಿ ಅಂತ ಅಂಗಡಿಯವರು ಹೇಳಬಹುದು, ಅಲ್ವಾ? ಅದಕ್ಕೇ ಅಧಿಕಾರಿ ತಾವೇ ಅಂಗಡಿಯಲ್ಲಿ ಸ್ಯಾಂಪಲ್ ತೆಗೆದು, ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ಪರೀಕ್ಷೆಗೆ ಹೋಗುತ್ತದೆ. ಹಾಗಾಗಿ ಆ ಬ್ಯಾಚ್ ಖಾಲಿಯಾಗುವ ಮೊದಲೇ ಪತ್ರ ತಲುಪಬೇಕು.

ಸುಮ್ನೆ "ಕಲಬೆರಕೆ" ಅನ್ನಬೇಡಿ, ಕಂಡದ್ದನ್ನು ಬರೆಯಿರಿ: "ಇಂಥ ದಿನ ಇಂಥ ಅಂಗಡಿಯಲ್ಲಿ 100 ಗ್ರಾಂ ಕಾಳುಮೆಣಸು ಕೊಂಡೆ. ಕೆಲವು ಕಾಳು ಮೊಟ್ಟೆಯಾಕಾರದಲ್ಲಿವೆ, ಜಗಿದರೆ ಮೆಣಸಿನ ಖಾರವಿಲ್ಲ. ಇದೇ ಬ್ಯಾಚ್‌ನ ಸ್ಯಾಂಪಲ್ ಪರೀಕ್ಷಿಸಿ." ನೀರಲ್ಲಿ ತೇಲಿತು ಅನ್ನುವುದೊಂದೇ ಸಾಲದು, ಜೊಳ್ಳು ಮೆಣಸೂ ತೇಲುತ್ತದೆ. ಬಿಲ್‌ನ ನಕಲು ಲಗತ್ತಿಸಿ, ಅಸಲು ನಿಮ್ಮ ಹತ್ತಿರವೇ ಇರಲಿ.